ಎಣ್ಣೆ ಹೊಡೆದವನಿಗೆ ವಿಷ ಏರಿದಾಗ: ಮೇಲ್ವಿಚಾರಕನ ವರದಿಯಲ್ಲಿ ಏನೇನು ಬರೀಬೇಕು

ಹಾವೇರಿ ಜಿಲ್ಲೆಯ ಒಂದು ದೊಡ್ಡ ಹೊಲ ನೋಡಿಕೊಳ್ಳೋದು ನನ್ನ ಕೆಲಸ. ಹತ್ತಿ ಮತ್ತು ಗೋವಿನಜೋಳ ಬೆಳೆಯುತ್ತೇವೆ. ಸಾವ್ಕಾರ್ರು ಹುಬ್ಬಳ್ಳಿಯಲ್ಲಿದ್ದಾರೆ. ಆಳು ಹಂಚೋದು, ಗೊಬ್ಬರ ಔಷಧ ತರೋದು, ರಜಿಸ್ಟರ್ ಬರೆಯೋದು ಎಲ್ಲ ನನ್ನ ಪಾಲಿಗೆ. ಕಳೆದ ಅಕ್ಟೋಬರ್‌ನಲ್ಲಿ ಹತ್ತಿಗೆ ಎಣ್ಣೆ ಹೊಡೆಯುತ್ತಿದ್ದ ಬಸಣ್ಣನಿಗೆ ವಿಷ ಏರಿತು. ಹೆಸರು ಬದಲಿಸಿದ್ದೇನೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಕರೆಯೋದು. ಈಗ ಆತ ಮನೆಯಲ್ಲಿದ್ದಾನೆ, ಓಡಾಡುತ್ತಿದ್ದಾನೆ. ಆತ ಆಸ್ಪತ್ರೆಯಲ್ಲಿದ್ದಾಗ ನಾನು ಒಂದು ವರದಿ ಬರೆಯಬೇಕಾಯಿತು. ಅದನ್ನು ಹೇಗೆ ಬರೆಯೋದು ಅಂತ ಕೇಳಿದರೆ ಹೇಳುವವರು ಯಾರೂ ಸಿಗಲಿಲ್ಲ. ಹೀಗಾಗಿ ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹೊಲದಲ್ಲಿ ಇಂಥದ್ದು ಆಗದಿರಲಿ. ಆದರೆ ಆದ ದಿನ ಹುಡುಕಾಡೋ ಪರಿಸ್ಥಿತಿ ನಿಮಗೆ ಬರಬಾರದು.

ಅವತ್ತು ಬೆಳಿಗ್ಗೆ ಏಳೂಕಾಲಿಗೆ ಬಸಣ್ಣ ಮತ್ತು ಇನ್ನೊಬ್ಬ ಆಳು ಪಂಪು ಹೊತ್ತು ಹೊಲಕ್ಕೆ ಇಳಿದರು. 16 ಲೀಟರ್‌ನ ಬ್ಯಾಟರಿ ಪಂಪು. ಹತ್ತಿ ಎದೆಮಟ್ಟ ಬೆಳೆದಿತ್ತು, ಹೂವು ಕಾಯಿ ಎರಡೂ ಇದ್ದವು. ಕಾಯಿಕೊರಕ ಕಾಣಿಸಿದ್ದಕ್ಕೆ ಪ್ರೊಫೆನೊಫಾಸ್ ಮತ್ತು ಸೈಪರ್‌ಮೆಥ್ರಿನ್ ಕೂಡಿಸಿದ ಔಷಧ ತಂದಿದ್ದೆವು. ಬೆಳೆ ಮೊಣಕಾಲುದ್ದ ಇದ್ದಾಗ ಎಣ್ಣೆ ಹೊಡೆಯೋದೇ ಬೇರೆ, ಎದೆಮಟ್ಟ ಬಂದಾಗ ಹೊಡೆಯೋದೇ ಬೇರೆ. ಎಲೆ ಮೇಲೆ ಬಿದ್ದ ಹನಿಯನ್ನು ಹೊಡೆಯುವವನೇ ತನ್ನ ಮೈಯಿಂದ ಒರೆಸಿಕೊಂಡು ಹೋಗುತ್ತಾನೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಎಣ್ಣೆ ಹೊಡೆಯುತ್ತಲೇ ವಿಷ ಏರಿ 20ಕ್ಕೂ ಹೆಚ್ಚು ಜನ ಸತ್ತರಲ್ಲ, ಅದೂ ಹತ್ತಿ ಹೊಲದಲ್ಲೇ.

ಒಂಬತ್ತೂವರೆಗೆ ನಾನು ಗೋವಿನಜೋಳದ ಕಡೆ ಹೋದೆ. ಒಂದು ಗಂಟೆಗೆ ವಾಪಸ್ ಬಂದೆ. ಅಷ್ಟೊತ್ತಿಗೆ ಅವರು ಕೆಲಸ ಮುಗಿಸಿ ಬುತ್ತಿ ಬಿಚ್ಚಿದ್ದರು. ಬಸಣ್ಣ ರೊಟ್ಟಿ ಮುಟ್ಟಲಿಲ್ಲ.

"ಯಾಕೋ ತಲಿ ಸಿಡಿಯಾಕ ಹತ್ತೈತ್ರಿ ಸರ. ಬಿಸಲಿಗೆ ಇರಬೇಕು" ಅಂದ.

ಬಿಸಿಲು ಅಂತ ಬಿಟ್ಟರೆ ಅಲ್ಲಿಗೆ ಮುಗೀತು. ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು. ಮೈಯೆಲ್ಲ ಬೆವರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬಿಸಿಲು ಬಡಿದವನಿಗೆ ಬಾಯಿ ಒಣಗುತ್ತೆ, ಜೊಲ್ಲು ಸುರಿಯೋದಿಲ್ಲ. ಕಣ್ಣು ನೋಡಿದೆ. ಕಣ್ಣಿನ ಕರಿಯ ಬೊಟ್ಟು ಸಾಸಿವೆ ಕಾಳಿಗಿಂತ ಸಣ್ಣದಾಗಿತ್ತು, ಅದೂ ನೆರಳಲ್ಲಿ ಕೂತಾಗ. ನೆರಳಲ್ಲಿ ಅದು ದೊಡ್ಡದಾಗಬೇಕು. ತೋಳಿನ ಚರ್ಮದ ಕೆಳಗೆ ಮಾಂಸ ಸಣ್ಣಗೆ ಪಟಪಟ ಅಂತ ಅದುರುತ್ತಿತ್ತು. ಆರ್ಗ್ಯಾನೋಫಾಸ್ಫೇಟ್ ಗುಂಪಿನ ಔಷಧ ಮೈಗೇರಿದರೆ ಕಾಣುವ ಗುರುತು ಇವು. ಪ್ರೊಫೆನೊಫಾಸ್ ಅದೇ ಗುಂಪಿನದು.

108ಕ್ಕೆ ಫೋನ್ ಮಾಡಿಸಿದೆ. ಗಾಡಿ ಬರುವುದರೊಳಗೆ ಆತನ ಅಂಗಿ, ಬನಿಯನ್, ಲುಂಗಿ ಎಲ್ಲ ಬಿಚ್ಚಿಸಿ ಸೋಪು ಹಚ್ಚಿ ಬೋರಿನ ನೀರಲ್ಲಿ ಮೈ ತೊಳೆದೆವು. ಬೆನ್ನು, ಕಂಕುಳು, ತೊಡೆ ಸಂದು, ತಲೆಗೂದಲು, ಉಗುರು ಸಂದು ಯಾವುದನ್ನೂ ಬಿಡಬಾರದು. ತೊಳೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಬಿಚ್ಚಿದ ಬಟ್ಟೆಯನ್ನು ಬೇರೆ ಚೀಲದಲ್ಲಿ ಕಟ್ಟಿ ಇಟ್ಟೆ. ಔಷಧದ ಬಾಟಲಿ ಮತ್ತು ಅದರ ಜೊತೆ ಬಂದ ಮಡಚಿದ ಚೀಟಿಯನ್ನು ಇನ್ನೊಂದು ಚೀಲದಲ್ಲಿ ಹಾಕಿಕೊಂಡು ಗಾಡಿ ಹತ್ತಿದೆ. ಆ ಚೀಟಿ ಎಸೆಯಬೇಡಿ. ವಿಷ ಏರಿದ ಲಕ್ಷಣ, ಪ್ರಥಮ ಚಿಕಿತ್ಸೆ, ಕೊಡಬೇಕಾದ ಮದ್ದು ಎಲ್ಲ ಅದರಲ್ಲಿ ಇರಲೇಬೇಕು ಅಂತ ಕೀಟನಾಶಕ ನಿಯಮವೇ ಹೇಳುತ್ತೆ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬಾಟಲಿ ಓದಿದ ಕೂಡಲೇ ಈ ಗುಂಪಿನ ವಿಷಕ್ಕೆ ಕೊಡೋ ಮದ್ದು ಅಟ್ರೋಪಿನ್ ಶುರು ಮಾಡಿದರು. ಅದನ್ನು ನೋಡಿದ ಮೇಲೆಯೇ ಔಷಧದ ಹೆಸರಿಗೆ ಎಷ್ಟು ಬೆಲೆ ಅಂತ ನನಗೆ ಗೊತ್ತಾಗಿದ್ದು. ಸೈಪರ್‌ಮೆಥ್ರಿನ್ ಒಂದೇ ಆಗಿದ್ದರೆ ಚಿಕಿತ್ಸೆ ಬೇರೆ. ಕಳೆನಾಶಕ ಪ್ಯಾರಾಕ್ವಾಟ್ ಆಗಿದ್ದರೆ ಸುಮ್ನೆ ಆಮ್ಲಜನಕ ಕೊಡೋದೂ ಅಪಾಯ. "ಹತ್ತಿಗೆ ಹೊಡಿಯೋ ಎಣ್ಣಿ" ಅಂದರೆ ಡಾಕ್ಟರಿಗೆ ಏನೂ ತಿಳಿಯೋದಿಲ್ಲ. ಕಂಪನಿ ಇಟ್ಟ ಹೆಸರು ಹೇಳಿದರೂ ಸಾಲದು, ಒಂದೇ ಹೆಸರಿನ ಹಿಂದೆ ಮುಂದೆ ಒಂದಕ್ಷರ ಸೇರಿಸಿ ಬೇರೆ ಬೇರೆ ಔಷಧ ಮಾರುತ್ತಾರೆ. ಬಾಟಲಿ ಇಲ್ಲದಿದ್ದರೆ ಲೇಬಲ್ಲಿನ ಫೋಟೊ ಆದರೂ ಇರಲಿ. ಡಾಕ್ಟರಿಗೇ ಅನುಮಾನ ಬಂದರೆ ದಿಲ್ಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ, 1800 116 117ಕ್ಕೆ ಫೋನ್ ಮಾಡಬಹುದು.

ಅಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸಿದರು. ತೊಂದರೆ ಶುರುವಾಗಿದ್ದು ಅಲ್ಲಿ.

ವಾರ್ಡಿಗೆ ಸೇರಿಸುವ ಹೊತ್ತಿಗೆ ರಾತ್ರಿಯಾಗಿತ್ತು. ಬಸಣ್ಣನಿಗೆ ಅರ್ಧ ಎಚ್ಚರ. ಆತನ ಹೆಂಡತಿ ಅಳುತ್ತಿದ್ದಳು. ಚಿಕ್ಕ ಡಾಕ್ಟರೊಬ್ಬರು ಬಂದು ಏನಾಯಿತು ಅಂತ ಕೇಳಿ ಬರೆದುಕೊಂಡು ಹೋದರು. ನಾನು ಕೆಳಗೆ ಔಷಧ ತರಲು ಹೋಗಿದ್ದೆ. ವಾಪಸ್ ಬಂದು ಹಾಳೆ ನೋಡಿದರೆ ಅದರಲ್ಲಿ ವಿಷ ಸೇವನೆ ಅಂತ ಬರೆದಿತ್ತು. ಹೊಡೆದದ್ದು ಅಂತ ಅಲ್ಲ, ಕುಡಿದದ್ದು ಅಂತ. ವಿಷದ ಕೇಸು ಯಾವುದೇ ಇರಲಿ, ಆಸ್ಪತ್ರೆಯವರು ಅದನ್ನು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಪಟ್ಟ ವೈದ್ಯಕೀಯ ಕೇಸು ಅಂತ ದಾಖಲು ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಆ ದಾಖಲೆಯಲ್ಲಿ ಕುಡಿದ ಅಂತ ಇದ್ದರೆ ಇದು ಕೆಲಸದಲ್ಲಿ ಆದ ಅನಾಹುತ ಅಲ್ಲ, ಆತನೇ ಮಾಡಿಕೊಂಡದ್ದು ಅಂತ ಆಗಿಬಿಡುತ್ತೆ. ಆಮೇಲೆ ಪರಿಹಾರ ಕೇಳಲು ಹೋದರೆ ಮೊದಲು ಮುಂದಿಡೋದೇ ಆ ಹಾಳೆಯನ್ನು. ನಮ್ಮ ಸೀಮೆಯ ಆಸ್ಪತ್ರೆಗಳಿಗೆ ಕುಡಿದವರು ಜಾಸ್ತಿ ಬರುತ್ತಾರೆ. ಹೀಗಾಗಿ ಕೈ ತಾನಾಗಿ ಅದನ್ನೇ ಬರೆಯುತ್ತೆ ಅಂತ ಕಾಣುತ್ತೆ.

ಮಾರನೇ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು ರೌಂಡಿಗೆ ಬಂದಾಗ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಬರೆದದ್ದನ್ನು ಒಡೆದು ತಿದ್ದುವ ಹಾಗಿಲ್ಲ. ಹೊಸ ಟಿಪ್ಪಣಿ ಸೇರಿಸಬಹುದು. ಅದಕ್ಕೆ ಆಧಾರ ಬೇಕು. ಹೊಲದಲ್ಲಿ ಏನು ನಡೆಯಿತು ಅಂತ ನಿಮ್ಮಿಂದ ಒಂದು ವರದಿ ಕೊಡಿ" ಅಂದರು. ಯಾವ ಔಷಧ, ಎಷ್ಟು, ಎಷ್ಟು ಹೊತ್ತು, ಮೈಮೇಲೆ ಏನು ಹಾಕಿದ್ದ, ಇಷ್ಟು ಅವರಿಗೆ ಬೇಕಿತ್ತು.

ಆ ದಿನಗಳ ಬಗ್ಗೆ ಒಂದು ಮಾತು ಹೇಳಬೇಕು, ಮನೆಯವರು ಹೆದರುತ್ತಾರೆ. ಅಟ್ರೋಪಿನ್ ಏರಿದಾಗ ಬಸಣ್ಣ ಬಡಬಡಿಸುತ್ತಿದ್ದ. ಹೊದಿಕೆ ಹಿಡಿದು ಎಳೆಯುತ್ತಿದ್ದ, ಗೋಡೆ ಮೇಲೆ ಏನೋ ಹುಳ ಹರಿದಾಡುತ್ತಿದೆ ಅನ್ನುತ್ತಿದ್ದ. ತಲೆ ಕೆಟ್ಟಿತು ಅಂತ ಹೆಂಡತಿ ಗೋಳಾಡಿದಳು. ಅದು ಮದ್ದಿನ ಪರಿಣಾಮ, ಡೋಸ್ ಇಳಿಸಿದರೆ ಹೋಗುತ್ತೆ ಅಂತ ಸಿಸ್ಟರ್ ಸಮಾಧಾನ ಮಾಡಿದರು. ಹಾಗೇ ಆಯಿತು. ಇನ್ನೊಂದು, ಎರಡನೇ ದಿನ ಆತ ಎದ್ದು ಕೂತು ಮಾತಾಡಿದ. ಮನೆಗೆ ಹೋಗೋಣ ಅಂತ ಎಲ್ಲರೂ ಗಡಿಬಿಡಿ ಮಾಡಿದರು. ಡಾಕ್ಟರು ಬಿಡಲಿಲ್ಲ. ಸಿಸ್ಟರ್ ಆಗಾಗ ಬಂದು "ದಿಂಬಿನಿಂದ ತಲೆ ಎತ್ತು ನೋಡೋಣ" ಅನ್ನುತ್ತಿದ್ದರು. ಈ ಗುಂಪಿನ ವಿಷದಲ್ಲಿ ಮೊದಲ ಲಕ್ಷಣ ಕಮ್ಮಿಯಾದ ಮೇಲೆ, ಒಂದರಿಂದ ನಾಲ್ಕು ದಿನದ ಒಳಗೆ, ಕುತ್ತಿಗೆ ಸೋತು ಆಮೇಲೆ ಉಸಿರಾಟದ ಸ್ನಾಯು ಸೋಲೋದುಂಟು. ತಲೆ ಎತ್ತಲು ಬರದಿದ್ದರೆ ಅದು ಮೊದಲ ಸೂಚನೆ. ಹುಷಾರಾದ ಅಂತ ಹಟ ಮಾಡಿ ಬಿಡಿಸಿಕೊಂಡು ಹೋಗಬೇಡಿ.

ರಕ್ತದಲ್ಲಿ ಕೋಲಿನೆಸ್ಟರೇಸ್ ಅಂತ ಒಂದು ಪರೀಕ್ಷೆ ಇದೆ. ಮೈಗೆ ಈ ವಿಷ ಸೇರಿದೆಯೋ ಇಲ್ಲವೋ ಅಂತ ಅದರಲ್ಲಿ ಗೊತ್ತಾಗುತ್ತೆ, ಸೇರಿದ್ದರೆ ಅದರ ಅಂಕಿ ಇಳಿಯುತ್ತೆ. ಆಸ್ಪತ್ರೆಯಲ್ಲಿ ಆಗ ಇರಲಿಲ್ಲ, ಹೊರಗಿನ ಲ್ಯಾಬಿಗೆ ಕಳಿಸಿದೆವು. ಸಾವಿರ ರೂಪಾಯಿ ಹತ್ತಿರ ಆಯಿತು. ಆ ಲ್ಯಾಬಿನ ಲೆಕ್ಕದಲ್ಲಿ ಕೆಳಗಿನ ಮಿತಿ ಐದು ಸಾವಿರದ ಆಸುಪಾಸು. ಬಸಣ್ಣನದು ಸಾವಿರದ ಒಳಗೆ ಇತ್ತು. ಲ್ಯಾಬಿನಿಂದ ಲ್ಯಾಬಿಗೆ ಈ ಅಂಕಿ ಬದಲಾಗುತ್ತೆ. ಹೀಗಾಗಿ ಮುಂದಿನ ಪರೀಕ್ಷೆಯೂ ಅದೇ ಲ್ಯಾಬಿನಲ್ಲಿ ಮಾಡಿಸಿ. ಆದರೆ ಈ ಪರೀಕ್ಷೆ ವಿಷ ಇದೆ ಅಂತ ಹೇಳುತ್ತೆ ಅಷ್ಟೇ. ಅದು ಬಾಯಿಂದ ಹೋಯಿತೋ ಚರ್ಮದಿಂದ ಹೋಯಿತೋ ಅಂತ ಹೇಳೋದಿಲ್ಲ. ಅದನ್ನು ಹೇಳಬೇಕಾದದ್ದು ಹೊಲದ ವರದಿ.

ಇಷ್ಟರಲ್ಲಿ ಸಾವ್ಕಾರ್ರ ಆಫೀಸಿನಿಂದ ಒಂದು ವರದಿ ಟೈಪ್ ಆಗಿ ಬಂತು, ನಾನು ಸಹಿ ಹಾಕಬೇಕಂತೆ. ಮೂರೇ ಸಾಲು. ಸದರಿ ಕೂಲಿಕಾರನು ಕೀಟನಾಶಕ ಸಿಂಪಡಿಸುವಾಗ ಅಸ್ವಸ್ಥನಾದನು. ಶಿಫಾರಸು ಮಾಡಿದ ಪ್ರಮಾಣದಲ್ಲೇ ಔಷಧ ಬಳಸಲಾಗಿತ್ತು. ಎಲ್ಲ ಸುರಕ್ಷತಾ ಸಾಮಗ್ರಿ ಒದಗಿಸಲಾಗಿತ್ತು. ಓದೋಕೆ ಚೆನ್ನಾಗೇ ಇತ್ತು. ಆದರೆ ಯಾವ ಔಷಧ ಅಂತ ಇಲ್ಲ. ಪ್ರಮಾಣ ಎಷ್ಟು ಅಂತ ಇಲ್ಲ. ಸಾಮಗ್ರಿ ಒದಗಿಸಿದ್ದು ಸ್ಟೋರಿನಲ್ಲೋ ಆತನ ಮೈಮೇಲೋ ಅಂತಲೂ ಇಲ್ಲ. ಇದನ್ನು ಓದಿ ಡಾಕ್ಟರು ಏನು ಟಿಪ್ಪಣಿ ಬರೆಯುತ್ತಾರೆ? ಸಾವ್ಕಾರ್ರಿಗೆ ಫೋನ್ ಮಾಡಿ ಹೇಳಿದೆ, ಸಹಿ ಹಾಕೋದು ನಾನು, ಬರೆಯೋದೂ ನಾನೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ನೋಡಪಾ, ಇದ್ದದ್ದನ್ನ ಬರಿ, ಜಾಸ್ತಿ ಬರೀಬ್ಯಾಡ" ಅಂದರು. ಅಷ್ಟು ಸಾಕಾಗಿತ್ತು ನನಗೆ.

ಹೊಲಕ್ಕೆ ವಾಪಸ್ ಬಂದು ಲೆಕ್ಕಕ್ಕೆ ಕೂತೆ.

ಮೊದಲು ಬಾಟಲಿ. ವರದಿಯಲ್ಲಿ ಲೇಬಲ್ಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಿದೆ. ಮಾರಾಟದ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ನಿಜವಾದ ಹೆಸರು, ಅಂದರೆ ಪ್ರೊಫೆನೊಫಾಸ್ ಶೇ. 40 ಮತ್ತು ಸೈಪರ್‌ಮೆಥ್ರಿನ್ ಶೇ. 4, ಇಸಿ. ಇಸಿ ಅಂದರೆ ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುವ ಎಣ್ಣೆ ರೂಪದ್ದು. ಈ ವಿವರವೂ ಬೇಕು. ಅದರಲ್ಲಿರುವ ದ್ರಾವಕ ಔಷಧವನ್ನು ಚರ್ಮದೊಳಗೆ ಬೇಗ ದಾಟಿಸುತ್ತೆ. ಆಮೇಲೆ ನೋಂದಣಿ ಸಂಖ್ಯೆ, ಬ್ಯಾಚ್ ನಂಬರು, ತಯಾರಾದ ಮತ್ತು ಅವಧಿ ಮುಗಿಯುವ ತಾರೀಖು, ಅಂಗಡಿಯ ಬಿಲ್ ನಂಬರು. ತ್ರಿಕೋನದ ಬಣ್ಣ ಹಳದಿ. ಕೆಂಪು ಅತಿ ಹೆಚ್ಚು ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಕೊನೆಗೆ ಹಸಿರು.

ಜೊತೆಗಿದ್ದ ಆಳನ್ನು ಕೂರಿಸಿಕೊಂಡು ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. "ಅದರಾಗ ಪುಡೀನೂ ಹಾಕಿದ್ವಿರಿ, ಜಿಗಿಹುಳಕ್ಕ" ಅಂದ. ಅಸಿಫೇಟ್ ಪುಡಿ. ಅದೂ ಆರ್ಗ್ಯಾನೋಫಾಸ್ಫೇಟ್ ಗುಂಪಿನದೇ. ಅಂದರೆ ಒಂದೇ ಥರ ಕೆಲಸ ಮಾಡುವ ಎರಡು ವಿಷ ಒಂದೇ ಪಂಪಿನಲ್ಲಿ. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿದೆ. ನೀವು ಕೇಳುವಾಗ "ಯಾವ ಔಷಧ ಹಾಕಿದಿರಿ" ಅಂತ ಕೇಳಿ ನಿಲ್ಲಿಸಬೇಡಿ. "ಮತ್ತೇನು ಹಾಕಿದಿರಿ" ಅಂತ ಎರಡನೇ ಸಲ ಕೇಳಿ. ಟಾನಿಕ್, ಅಂಟು, ಪುಡಿ ಇವೆಲ್ಲ ಆಳುಗಳ ಲೆಕ್ಕದಲ್ಲಿ ಎಣ್ಣೆ ಅಲ್ಲ, ಅದಕ್ಕೇ ಹೇಳೋದಿಲ್ಲ.

ಇನ್ನು ಪ್ರಮಾಣ. "ಪಂಪಿಗೆ ಎರಡು ಮುಚ್ಚಳ" ಅಂತ ಆತ ಹೇಳಿದ. ಇದನ್ನೇ ಬರೆದರೆ ಯಾರಿಗೂ ಉಪಯೋಗ ಇಲ್ಲ. ಗ್ಲೌಸ್ ಹಾಕಿಕೊಂಡು, ಮುಚ್ಚಳಕ್ಕೆ ನೀರು ತುಂಬಿ, ಸೂಜಿ ಇಲ್ಲದ ಸಿರಿಂಜಿನಿಂದ ಎಳೆದು ನೋಡಿದೆ. 25 ಮಿಲಿ ಹಿಡಿಯಿತು. ಹಾಗಾದರೆ ಪಂಪಿಗೆ 50 ಮಿಲಿ. ಇದು ಒಂದು ದಾರಿ. ಇನ್ನೊಂದು ದಾರಿಯಲ್ಲೂ ತಾಳೆ ನೋಡಿದೆ. ಒಂದು ಲೀಟರಿನ ಬಾಟಲಿ, ಅವತ್ತೇ ಸೀಲು ಒಡೆದದ್ದು, ಸ್ಟಾಕ್ ರಜಿಸ್ಟರಿನಲ್ಲಿ ಅದು ಇದೆ. ಉಳಿದದ್ದು ಸುಮಾರು 300 ಮಿಲಿ. ಖರ್ಚಾದದ್ದು 700. ಪಂಪು ಎಷ್ಟು ಸಲ ತುಂಬಿದಿರಿ ಅಂದರೆ 14. ಭಾಗಿಸಿದರೆ ಮತ್ತೆ 50 ಮಿಲಿ ಬಂತು. ಎರಡೂ ದಾರಿ ಒಂದೇ ಕಡೆ ಬಂದಾಗ ಬರೆಯೋಕೆ ಧೈರ್ಯ ಬರುತ್ತೆ.

ಹೊಡೆದ ಜಾಗ ಒಂದು ಎಕರೆ ಐದು ಗುಂಟೆ. ಹಾಗಾಗಿ ಎಕರೆಗೆ ಸುಮಾರು 620 ಮಿಲಿ ಔಷಧ, 200 ಲೀಟರ್ ನೀರು. ಲೇಬಲ್ಲಿನಲ್ಲಿ ಹತ್ತಿಗೆ ಹೆಕ್ಟೇರಿಗೆ 1000ದಿಂದ 1500 ಮಿಲಿ, ನೀರು 500ರಿಂದ 1000 ಲೀಟರ್ ಅಂತಿದೆ. ಎಕರೆಗೆ ಇಳಿಸಿದರೆ ಸುಮಾರು 400ರಿಂದ 600 ಮಿಲಿ, 200ರಿಂದ 400 ಲೀಟರ್ ನೀರು. ನಮ್ಮದು ಮೇಲಿನ ಮಿತಿಗಿಂತ ಚೂರು ದಾಟಿದೆ, ನೀರು ಕೆಳಗಿನ ಮಿತಿಯಲ್ಲಿದೆ. ಆಫೀಸಿನವರು ಶಿಫಾರಸಿನಷ್ಟೇ ಅಂತ ಬರೆದಿದ್ದರು. ಊರವರು ಡಬಲ್ ಹಾಕಿದ್ದರಂತೆ ಅಂತ ಮಾತಾಡುತ್ತಿದ್ದರು. ಎರಡೂ ಸರಿಯಲ್ಲ ಅಂತ ಲೆಕ್ಕವೇ ಹೇಳಿತು. ವರದಿಯಲ್ಲಿ ನಾನು "ಹೆಚ್ಚು", "ಸರಿಯಾದ" ಅನ್ನೋ ಮಾತೇ ಬಳಸಲಿಲ್ಲ. ಲೇಬಲ್ಲಿನ ಅಂಕಿ, ನಮ್ಮ ಅಂಕಿ ಪಕ್ಕಪಕ್ಕ ಇಟ್ಟೆ. ಪುಡಿಯದು ಮಾತ್ರ ಚಮಚದ ಲೆಕ್ಕ. ಹೊಸ ಪೊಟ್ಟಣದಲ್ಲಿ ಉಳಿದದ್ದನ್ನು ಬೀಜ ತೂಗುವ ತಕ್ಕಡಿಯಲ್ಲಿ ತೂಗಿ, ಪಂಪಿಗೆ ಅಂದಾಜು 10 ಗ್ರಾಂ ಅಂತ ಬರೆದೆ, ಅಂದಾಜು ಅಂತ ಸೇರಿಸಿಯೇ ಬರೆದೆ. ಆಮೇಲೆ ಆ ತಕ್ಕಡಿಯ ತಟ್ಟೆಯನ್ನು ಸೋಪು ಹಾಕಿ ಉಜ್ಜಿಸಿದ್ದೂ ಆಯಿತು.

ಎಕರೆ ಲೆಕ್ಕ ಬೆಳೆಗೆ. ಮನುಷ್ಯನಿಗೆ ಏನು ತಗುಲಿತು ಅನ್ನೋದು ಬೇರೆ ಲೆಕ್ಕ, ಇದನ್ನು ಬಹಳ ಜನ ಬಿಡುತ್ತಾರೆ. 50 ಮಿಲಿಯನ್ನು 16 ಲೀಟರ್ ನೀರಿಗೆ ಹಾಕಿದಾಗ ಅದು 320 ಪಾಲು ತೆಳ್ಳಗಾಗುತ್ತೆ. ಅಂದರೆ ಬಾಟಲಿಯಿಂದ ಕೈಮೇಲೆ ಬಿದ್ದ ಒಂದು ಚಮಚ ಎಣ್ಣೆ, ಪಂಪಿನಿಂದ ಚೆಲ್ಲಿದ ಒಂದು ಚಮಚಕ್ಕಿಂತ 320 ಪಾಲು ಗಟ್ಟಿ. ಹೀಗಾಗಿ ಬೆರೆಸಿದವರು ಯಾರು, ಎಲ್ಲಿ, ಏನಲ್ಲಿ ಅಳೆದರು, ಏನಿಂದ ಕಲಕಿದರು ಅನ್ನೋದು ವರದಿಯಲ್ಲಿ ಬರಲೇಬೇಕು. ನಮ್ಮಲ್ಲಿ 14 ಸಲವೂ ಬೆರೆಸಿದ್ದು ಬಸಣ್ಣನೇ. ಕೋಲಿನಿಂದ ಕಲಕುತ್ತಿದ್ದ, ಮುಚ್ಚಳದಲ್ಲಿ ಅಳೆಯುವಾಗ ಬೆರಳ ಮೇಲೆ ಸುರಿಯುತ್ತಿತ್ತು ಅಂತ ಜೊತೆಯವ ಹೇಳಿದ.

ಎರಡನೆಯದು ಪಂಪು. ಆತ ಬಳಸಿದ ಪಂಪಿಗೆ ಬರೀ ನೀರು ತುಂಬಿ ನಾನೇ ಹೆಗಲಿಗೆ ಹಾಕಿಕೊಂಡು ಬಾಗಿ ಎದ್ದು ನಡೆದು ನೋಡಿದೆ. ಮುಚ್ಚಳದ ರಬ್ಬರ್ ವಾಷರ್ ಸೀಳಿತ್ತು. ಹತ್ತಿಪ್ಪತ್ತು ಹೆಜ್ಜೆಗೆ ಬೆನ್ನು ಒದ್ದೆಯಾಯಿತು, ನೀರು ಇಳಿದು ಸೊಂಟದ ತನಕ ಬಂತು. ಬಸಣ್ಣನ ಬಟ್ಟೆ ಕಟ್ಟಿಟ್ಟಿದ್ದೆನಲ್ಲ, ಅದರಲ್ಲೂ ಅಂಗಿಯ ಬೆನ್ನು ಮತ್ತು ಲುಂಗಿಯ ಸೊಂಟದ ಹತ್ತಿರ ಕಲೆ ಇತ್ತು. ಒದ್ದೆ ಬಟ್ಟೆ ಅಂಟಿಕೊಂಡೇ ಆತ ಐದಾರು ಗಂಟೆ ಕೆಲಸ ಮಾಡಿದ್ದಾನೆ. ತೊಡೆ ಸಂದಿನ ತೆಳು ಚರ್ಮ ಮುಂಗೈ ಚರ್ಮಕ್ಕಿಂತ ಎಷ್ಟೋ ಪಟ್ಟು ಬೇಗ ಹೀರಿಕೊಳ್ಳುತ್ತೆ. ಡಾಕ್ಟರಿಗೆ ಎಲ್ಲಕ್ಕಿಂತ ಉಪಯೋಗವಾದದ್ದು ಇದೇ ಪ್ಯಾರಾ. ಕುಡಿಯದೆ ಇಷ್ಟು ವಿಷ ಹೇಗೆ ಏರಿತು ಅನ್ನೋ ಪ್ರಶ್ನೆಗೆ ಅಲ್ಲಿ ಉತ್ತರ ಇತ್ತು.

ಸುರಕ್ಷತಾ ಸಾಮಗ್ರಿ ಬರೆಯೋದೇ ಎಲ್ಲಕ್ಕಿಂತ ಕಷ್ಟ. ಇಲ್ಲಿ ಎಲ್ಲರಿಗೂ ಎದೆ ಡವಡವ. ನಾನು ನಾಲ್ಕು ಪ್ರಶ್ನೆ ಇಟ್ಟುಕೊಂಡೆ. ಲೇಬಲ್ ಏನು ಕೇಳುತ್ತೆ, ಸ್ಟೋರಿನಲ್ಲಿ ಏನಿತ್ತು, ಅವತ್ತು ಆತನ ಕೈಗೆ ಏನು ಕೊಟ್ಟಿತ್ತು, ಹೊಡೆಯುವಾಗ ಮೈಮೇಲೆ ಏನಿತ್ತು. ನಾಲ್ಕಕ್ಕೂ ಬೇರೆ ಬೇರೆ ಉತ್ತರ. ವರದಿಯಲ್ಲಿ ಬರೆದದ್ದನ್ನು ಹಾಗೇ ಕೊಡುತ್ತೇನೆ:

"ಸ್ಟೋರಿನಲ್ಲಿ ಅಂಗಡಿಯವರು ಔಷಧದ ಜೊತೆ ಕೊಟ್ಟ ಕಿಟ್ ಎರಡು ಇದ್ದವು. ಪ್ರತಿಯೊಂದರಲ್ಲಿ ತೆಳು ಪ್ಲಾಸ್ಟಿಕ್ ಏಪ್ರನ್, ಬಟ್ಟೆಯ ಧೂಳಿನ ಮಾಸ್ಕ್, ತೆಳು ಗ್ಲೌಸ್, ಕನ್ನಡಕ. ಬೂಟು ಇರಲಿಲ್ಲ. ಬೆಳಿಗ್ಗೆ 7:10ಕ್ಕೆ ಒಂದು ಕಿಟ್ ಬಸಣ್ಣನಿಗೆ ಕೊಟ್ಟಿದ್ದು ರಜಿಸ್ಟರಿನಲ್ಲಿದೆ, ಹೆಬ್ಬೆರಳು ಗುರುತು ಇದೆ. 9:30ಕ್ಕೆ ನಾನು ಹೊರಡುವಾಗ ಗ್ಲೌಸ್ ಮತ್ತು ಮಾಸ್ಕ್ ಹಾಕಿದ್ದನ್ನು ಕಂಡಿದ್ದೇನೆ. ಕನ್ನಡಕ, ಏಪ್ರನ್ ಇರಲಿಲ್ಲ. ಬರಿಗಾಲು. ಅರ್ಧ ತೋಳಿನ ಅಂಗಿ, ಲುಂಗಿ. ಅನಂತರ ಸೆಖೆಗೆ ಮಾಸ್ಕ್ ತೆಗೆದು ಟವೆಲ್ ಕಟ್ಟಿಕೊಂಡ ಎಂದು ಜೊತೆಗಾರ ಹೇಳುತ್ತಾನೆ, ನಾನು ನೋಡಿಲ್ಲ. ಬಲಗೈ ಗ್ಲೌಸಿನ ತೋರುಬೆರಳು ಹರಿದಿದೆ. ಯಾವಾಗ ಹರಿಯಿತು ಗೊತ್ತಿಲ್ಲ. ಈ ಔಷಧ ಬೆರೆಸುವ ಬಗ್ಗೆ ಆತನಿಗೆ ತರಬೇತಿ ಕೊಟ್ಟ ದಾಖಲೆ ಇಲ್ಲ."

ಇದರಲ್ಲಿ ಮೂರು ಥರದ ವಾಕ್ಯ ಇವೆ, ಗಮನಿಸಿ. ನಾನು ಕಂಡದ್ದು, ಇನ್ನೊಬ್ಬರು ಹೇಳಿದ್ದು, ಗೊತ್ತಿಲ್ಲದ್ದು. ಇವನ್ನು ಕಲಸಬಾರದು. ಪೊಲೀಸರು ಹೇಳಿಕೆ ಪಡೆಯುವಾಗ ಜೊತೆಗಾರನನ್ನೂ ಕೇಳುತ್ತಾರೆ. ಆತ ಒಂದು ಹೇಳಿ ನನ್ನ ವರದಿ ಇನ್ನೊಂದು ಹೇಳಿದರೆ ಇಡೀ ವರದಿ ಮೇಲೆ ಅನುಮಾನ ಬರುತ್ತೆ. ಮತ್ತೆ, ಸಾಮಗ್ರಿಯ ಹೆಸರು ಬರೆದರೆ ಸಾಲದು, ಅದರ ಗುಣವನ್ನೂ ಬರೆಯಿರಿ. ಧೂಳಿನ ಮಾಸ್ಕು ಈ ಔಷಧದ ಆವಿಯನ್ನು ತಡೆಯೋದಿಲ್ಲ. ಹರಿದ ಗ್ಲೌಸಿನೊಳಗೆ ಎಣ್ಣೆ ಹೋದರೆ ಅದು ಅಲ್ಲೇ ಬೆವರಿನ ಜೊತೆ ಕೂತುಬಿಡುತ್ತೆ, ಬರಿಗೈಯಾದರೆ ತೊಳೆದಾದರೂ ತೊಳೆಯಬಹುದಿತ್ತು. "ಮಾಸ್ಕ್, ಗ್ಲೌಸ್ ಕೊಡಲಾಗಿತ್ತು" ಅನ್ನೋ ಸಾಲು ಇದನ್ನೆಲ್ಲ ಮುಚ್ಚಿಹಾಕುತ್ತೆ. ಆತ ಹಾಕಿಕೊಳ್ಳಲಿಲ್ಲ ಅಂತ ದೂರುವ ಧಾಟಿಯೂ ಬೇಡ. ಅಕ್ಟೋಬರಿನ ಬಿಸಿಲಿನಲ್ಲಿ ಪ್ಲಾಸ್ಟಿಕ್ ಏಪ್ರನ್ ಹಾಕಿಕೊಂಡು 16 ಲೀಟರ್ ಹೊತ್ತು ನಡೆದವರಿಗೇ ಗೊತ್ತು ಅದರ ಸಂಕಟ.

ಇದಿಷ್ಟರ ಜೊತೆ ಶುರುವಾದ ಮತ್ತು ಮುಗಿದ ಹೊತ್ತು, ನಡುವೆ ಏನಾದರೂ ತಿಂದನೇ, ಬೀಡಿ ಸೇದಿದನೇ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಮೊದಲ ಲಕ್ಷಣ ಎಷ್ಟು ಗಂಟೆಗೆ, ಮೈ ತೊಳೆದದ್ದು ಎಷ್ಟು ಗಂಟೆಗೆ ಅಂತ ಬರೆದೆ. ಬಾಯಿಂದ ಕುಡಿದದ್ದಕ್ಕೆ ಯಾವ ಗುರುತೂ ಕಂಡಿಲ್ಲ, ಇಬ್ಬರೂ ಒಟ್ಟಿಗೇ ಇದ್ದರು, ಬಾಟಲಿಯ ಲೆಕ್ಕ ಪಂಪಿನ ಲೆಕ್ಕಕ್ಕೆ ತಾಳೆಯಾಗುತ್ತೆ ಅಂತಲೂ ಸೇರಿಸಿದೆ. ಕೊನೆಯದು ಬಹಳ ಮುಖ್ಯ. 700 ಮಿಲಿ ಖರ್ಚಾಗಿದೆ, 14 ಪಂಪಿಗೆ 700 ಮಿಲಿಯೇ ಬೇಕು. ಕುಡಿದ ಅನ್ನೋಕೆ ಬಾಟಲಿಯಲ್ಲಿ ಕಮ್ಮಿಯಾದ ಎಣ್ಣೆಯೇ ಇಲ್ಲ.

ನನಗೊಂದು ಬಿಟ್ಟು ವರದಿಯ ನಾಲ್ಕು ಪ್ರತಿ ಮಾಡಿದೆ. ಎಲ್ಲದರಲ್ಲೂ ಪುಟದ ಕೆಳಗೆ ಸಹಿ, ತಾರೀಖು, ಬರೆದ ಹೊತ್ತು. ಜೊತೆಗಾರನಿಗೆ ಓದಿ ಹೇಳಿ ಆತನ ಹೆಬ್ಬೆಟ್ಟು ಪಡೆದೆ. ಲೇಬಲ್, ಪಂಪಿನ ವಾಷರ್, ಗ್ಲೌಸ್, ಬಟ್ಟೆಯ ಫೋಟೊ ಲಗತ್ತಿಸಿದೆ. ಒಂದು ಡಾಕ್ಟರಿಗೆ, ಒಂದು ಪೊಲೀಸರಿಗೆ, ಒಂದು ರೈತ ಸಂಪರ್ಕ ಕೇಂದ್ರಕ್ಕೆ, ಒಂದು ಬಸಣ್ಣನ ಮನೆಗೆ. ಮನೆಯವರಿಗೆ ಕೊಡೋದನ್ನು ಮರೆಯಬೇಡಿ, ಮುಂದೆ ಅಲೆಯಬೇಕಾದವರು ಅವರೇ. ನನ್ನ ಪ್ರತಿಯ ಮೇಲೆ ಎಲ್ಲ ಕಡೆ ಸ್ವೀಕೃತಿ ಸೀಲು ಹಾಕಿಸಿದೆ. ಒಂದು ಕಚೇರಿಯಲ್ಲಿ ಇದು ನಮಗೆ ಬರೋದಿಲ್ಲ ಅಂದರು. ಕೀಟನಾಶಕ ಕಾಯ್ದೆ 1968ರ ಕಲಂ 26ರಲ್ಲಿ, ಕೀಟನಾಶಕದಿಂದ ವಿಷ ಏರಿದ ಪ್ರಕರಣವನ್ನು ಗೊತ್ತುಮಾಡಿದ ಅಧಿಕಾರಿಗೆ ತಿಳಿಸಬೇಕು ಅಂತ ಸರಕಾರ ಅಧಿಸೂಚನೆ ಹೊರಡಿಸಬಹುದು ಅಂತಿದೆ. ಅದನ್ನು ಹೇಳಿ, ಆ ಅಧಿಕಾರಿ ಯಾರು ಅಂತ ಬರೆದುಕೊಡಿ ಅಂದೆ. ಸ್ವಲ್ಪ ಹೊತ್ತು ಕೂರಿಸಿ ಸೀಲು ಹಾಕಿಕೊಟ್ಟರು.

ಕೃಷಿ ಇಲಾಖೆಯಲ್ಲಿ ಕೀಟನಾಶಕ ಪರಿವೀಕ್ಷಕರು ಇರುತ್ತಾರೆ. ಔಷಧದಲ್ಲೇ ಕಲಬೆರಕೆ ಅನುಮಾನ ಇದ್ದರೆ ಅವರೇ ಮಾದರಿ ತೆಗೆಯಬೇಕು. ನಾವು ಬಾಟಲಿಯಿಂದ ಸುರಿದು ಕೊಟ್ಟದ್ದಕ್ಕೆ ಬೆಲೆ ಕಮ್ಮಿ. ಅದಕ್ಕೇ ಬಾಟಲಿ, ಪೊಟ್ಟಣ, ಗ್ಲೌಸ್ ಎಲ್ಲ ಕಟ್ಟಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟೆ. ಪೊಲೀಸರು ಪಂಚನಾಮೆಗೆ ಬಂದಾಗ ಪಂಚರ ಮುಂದೆ ತೆಗೆದು ಕೊಟ್ಟೆ. ಪಂಪನ್ನು ರಿಪೇರಿ ಮಾಡಿಸಬೇಡಿ. ವಾಷರ್ ಬದಲಿಸಿಬಿಟ್ಟರೆ ಸೋರುತ್ತಿತ್ತು ಅನ್ನೋಕೆ ಏನೂ ಉಳಿಯೋದಿಲ್ಲ.

ಡಾಕ್ಟರು ವರದಿ ಓದಿ, ಬಸಣ್ಣನನ್ನೂ ಮತ್ತೆ ಕೇಳಿ, ಕೇಸ್ ಶೀಟಿಗೆ ಹೊಸ ಟಿಪ್ಪಣಿ ಸೇರಿಸಿದರು. ಕೆಲಸದ ವೇಳೆ ಸಿಂಪಡಿಸುವಾಗ ಚರ್ಮ ಮತ್ತು ಉಸಿರಿನ ಮೂಲಕ ಅಂತ. ಹಳೆಯ ಸಾಲು ಅಲ್ಲೇ ಇದೆ, ಅದರ ಕೆಳಗೆ ಇದು. ಡಿಸ್ಚಾರ್ಜ್ ಸಾರಾಂಶದಲ್ಲಿ ಮಾತ್ರ ಹೊಸದೇ ಬಂತು. ಡಿಸ್ಚಾರ್ಜ್ ಹಾಳೆ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ಮನೆಗೆ ಬಂದ ಮೇಲೆ ಬದಲಿಸೋಕೆ ಹೋದರೆ ವಾರಗಟ್ಟಲೆ ಓಡಾಟ.

ಆಸ್ಪತ್ರೆಯ ಖರ್ಚು ಬಿಪಿಎಲ್ ಕಾರ್ಡಿನಿಂದಾಗಿ ಹೆಚ್ಚು ಬರಲಿಲ್ಲ. ಹೊರಗಿನ ಪರೀಕ್ಷೆ, ಮನೆಯವರ ಊಟ, ಓಡಾಟ, ಝೆರಾಕ್ಸು ಇವೇ ಜಾಸ್ತಿ. ಇಬ್ಬರ ಕೂಲಿ ಹೋಯಿತು, ಆತನದು ಮತ್ತು ನೋಡಿಕೊಳ್ಳಲು ಕೂತ ಹೆಂಡತಿಯದು. ಮಲಗಿದ್ದ ದಿನಗಳ ಕೂಲಿಯನ್ನು ಸಾವ್ಕಾರ್ರು ಕೊಟ್ಟಿದ್ದಾರೆ, ಅದನ್ನೂ ವೋಚರ್ ಮಾಡಿಸಿ ಇಟ್ಟಿದ್ದೇನೆ.

ಕೆಲವು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು. ಕೋಲಿನೆಸ್ಟರೇಸ್ ಅಂಕಿ ಏರಿದೆ, ಆದರೆ ಕೆಳಗಿನ ಮಿತಿ ಇನ್ನೂ ಮುಟ್ಟಿಲ್ಲ. ಅದು ಪೂರ್ತಿ ಏರುವ ತನಕ ಎಣ್ಣೆ ಮುಟ್ಟಬಾರದು, ಸ್ವಲ್ಪ ತಗುಲಿದರೂ ವಿಷ ಮೊದಲಿಗಿಂತ ಬೇಗ ಏರುತ್ತೆ ಅಂತ ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ. ವಿಷ ಏರುವ ಮೊದಲು ಆತನ ಅಂಕಿ ಎಷ್ಟಿತ್ತು ಅಂತ ಅವರು ಕೇಳಿದರು, ನಮ್ಮ ಹತ್ತಿರ ಇರಲಿಲ್ಲ. ಕೀಟನಾಶಕ ನಿಯಮ 1971ರ 37ನೇ ನಿಯಮದಲ್ಲಿ, ಈ ಗುಂಪಿನ ಔಷಧ ಮುಟ್ಟುವವರಿಗೆ ಕೆಲಸಕ್ಕೆ ಸೇರಿಸುವ ಮೊದಲು ವೈದ್ಯಕೀಯ ತಪಾಸಣೆ, ಆಮೇಲೆ ತಿಂಗಳಿಗೊಮ್ಮೆ ಕೋಲಿನೆಸ್ಟರೇಸ್ ಪರೀಕ್ಷೆ ಅಂತಿದೆ. ಯಾವ ಹೊಲದಲ್ಲಿ ಮಾಡಿಸುತ್ತಾರೆ ಹೇಳಿ! ಈ ಸಲ ಮುಂಗಾರಿಗೆ ಮೊದಲು ಎಣ್ಣೆ ಹೊಡೆಯುವ ಎಲ್ಲರಿಗೂ ಒಂದು ಸಲವಾದರೂ ಮಾಡಿಸೋಣ ಅಂತ ಸಾವ್ಕಾರ್ರಿಗೆ ಹೇಳಿದ್ದೇನೆ. ತಲೆಗೆ ಸಾವಿರ ಅಂದಾಗ ಮುಖ ಸಣ್ಣದಾಯಿತು, ಇಲ್ಲ ಅನ್ನಲಿಲ್ಲ.

ಪರಿಹಾರದ ಅರ್ಜಿ ಕಾರ್ಮಿಕ ಇಲಾಖೆಯಲ್ಲಿದೆ. ಅಲ್ಲಿ ಕೇಳಿದ್ದು ಎಂಎಲ್‌ಸಿ ಪ್ರತಿ, ಡಿಸ್ಚಾರ್ಜ್ ಸಾರಾಂಶ, ಎರಡೂ ಲ್ಯಾಬ್ ರಿಪೋರ್ಟು, ಹಾಜರಿ ಮತ್ತು ಕೂಲಿ ರಜಿಸ್ಟರಿನ ಪ್ರತಿ, ನನ್ನ ವರದಿ. ಹಾಜರಿ ರಜಿಸ್ಟರಿನಲ್ಲಿ ಬಸಣ್ಣನ ಹೆಸರು ಆಧಾರ್‌ನಲ್ಲಿರುವ ಹಾಗೆ ಇರಲಿಲ್ಲ, ಮನೆಯಲ್ಲಿ ಕರೆಯುವ ಹೆಸರಿತ್ತು. ಅದಕ್ಕೆ ಇಬ್ಬರೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಿ ಕೊಡಿ ಅಂದಿದ್ದಾರೆ. ಸೋಮವಾರ ನೋಟರಿ ಹತ್ತಿರ ಹೋಗಬೇಕು.